ತುರ್ತು: ಕೋಷ್ಟಕದ * ಗುರುತಿಗೆ ‘ಚುಕ್ಕಿ’ ಅನ್ನಬಹುದಾ?

ಬಾಗಲಕೋಟೆಯ ಸಂಶೋಧನಾ ವಿದ್ಯಾರ್ಥಿನಿ:
ಎಲ್ಲರಿಗೂ ನಮಸ್ಕಾರ. ಮುಧೋಳ ಕಡೆಯ 112 ಕಬ್ಬು ಬೆಳೆಗಾರರ ಮಾಹಿತಿ ಇಟ್ಟುಕೊಂಡು ಬರೆದ ಪ್ರಬಂಧವನ್ನು ನಾಳೆ ಬೆಳಿಗ್ಗೆ ಕನ್ನಡದಲ್ಲಿ ಕಳಿಸಬೇಕು. ಎಕರೆಗೆ ಎಷ್ಟು ಟನ್ ಅನ್ನೋದು ಲೆಕ್ಕ. R ಅನ್ನೋ ಸ್ಟ್ಯಾಟಿಸ್ಟಿಕ್ಸ್ ಸಾಫ್ಟ್‌ವೇರ್ ಕೊಟ್ಟ ಎರಡು ಸಾಲು ಇವು:

```
      Estimate Std. Error t value Pr(>|t|)
drip      3.60       1.70    2.12    0.037 *
urea      0.90       0.50    1.80    0.075 .
```

ಅಡಿಟಿಪ್ಪಣಿಯಲ್ಲಿ ಸ್ಟಾರಿಗೆ ‘ಚುಕ್ಕಿ’ ಅಂತ ಬರೆದಿದ್ದೆ. ನಮ್ಮ ಕಡೆ ಆಕಾಶದಲ್ಲಿ ಇರೋದು ಚುಕ್ಕಿಯೇ ಅಲ್ವಾ? ಮೈಸೂರಿನ ಗೆಳತಿ ಓದಿ, “ಚುಕ್ಕಿ ಇರೋದು ಎರಡನೇ ಸಾಲಲ್ಲಿ, ಮೊದಲನೇದರಲ್ಲಿ ಎಲ್ಲಿದೆ?” ಅಂದಳು. ಸ್ಟ್ಯಾಂಡರ್ಡ್ ಎರರ್‌ಗೆ ‘ಪ್ರಮಾಣಿತ ದೋಷ’ ಅಂತ ಹಾಕಿದ್ದೆ. ನಮ್ಮಪ್ಪ ನೋಡಿ, “ಇಷ್ಟೊಂದು ದೋಷ ಇದ್ದರೆ ಮತ್ತ್ಯಾಕೆ ಕಳಿಸ್ತಿ?” ಅಂದರು. ಏನು ಮಾಡಲಿ?

ಬೆಳಗಾವಿಯ ಹಿರಿಯರು:
‘ನಕ್ಷತ್ರ’ ಸಂಸ್ಕೃತ, ‘ಸ್ಟಾರ್’ ಇಂಗ್ಲಿಷ್. ಎರಡೂ ಬೇಡ. ಹಳಗನ್ನಡದ ‘ಅರಿಲ್’ ಇದೆ. ‘ಒಂದು ಅರಿಲು’ ಅಂತ ಬರೆಯಿರಿ. ‘ದೋಷ’ವೂ ಸಾಲ ತಂದ ಮಾತು, ಅದನ್ನೂ ತೆಗೆಯಿರಿ.

ವಿಜಯಪುರದ ಪ್ರೆಸ್ಸಿನವರು:
ಬ್ಯಾನರ್ ಮಾಡುವಾಗ ನಾವೂ ಸ್ಟಾರ್ ಹಾಕಿ ಕೆಳಗೆ ಸಣ್ಣದಾಗಿ ‘ಷರತ್ತುಗಳು ಅನ್ವಯಿಸುತ್ತವೆ’ ಅಂತೀವಿ. ಹಾಗೇ ಬರೆದುಬಿಡಿ ತಂಗಿ, ಎಲ್ಲರಿಗೂ ತಿಳಿಯುತ್ತೆ. ಅರಿಲ್ ಅಂತ ಕೇಳಿದರೆ ನಮ್ಮ ಪೇಟೆಯಲ್ಲಿ ಅರಿವೆ ಅಂಗಡಿ ತೋರಿಸ್ತಾರೆ.

ಎಂಎ ಎಕನಾಮಿಕ್ಸ್ ಮಾಡಿದವರು:
ಅದು ಆ ಸ್ಟಾರ್ ಅಲ್ಲ ಸರ್. ಸ್ಟಾರ್ ಜಾಸ್ತಿ ಇದ್ದಷ್ಟೂ ಪರಿಣಾಮ ದೊಡ್ಡದು ಅಂತ. ಒಂದು ಸ್ಟಾರ್ ಅಂದರೆ ಶೇ. 10, ಎರಡು 5, ಮೂರು 1. ‘ಪರಿಣಾಮದ ಗುರುತು’ ಅಂತ ಹಾಕಿ ಮುಗಿಸಿ.

ಬೆಳಗಾವಿಯಲ್ಲಿ ಸ್ಟ್ಯಾಟಿಸ್ಟಿಕ್ಸ್ ಪಾಠ ಮಾಡುವವರು:
ಮುಗಿಸಬೇಡಿ. ಶೇ. 10, 5, 1 ಅನ್ನೋದು ಎಕನಾಮಿಕ್ಸ್‌ನವರ ರೂಢಿ, ಸರಿ. Rನಲ್ಲಿ ಕೋಷ್ಟಕ ಮಾಡಿಕೊಡುವ stargazer ಕೂಡ ತಾನಾಗಿ ಹಾಗೇ ಹಾಕುತ್ತೆ. ಆದರೆ ಮೇಲೆ ಇರೋದು R ತಾನೇ ಕೊಟ್ಟ ಗುರುತು. ಅಲ್ಲಿ ಒಂದು ಸ್ಟಾರ್ ಅಂದರೆ p, ಅಂದರೆ ಕೊನೆಯ ಕಾಲಂನ ಅಂಕಿ, 0.05ಕ್ಕಿಂತ ಕಡಿಮೆ. ಒಂಟಿ ಚುಕ್ಕೆ ಅಂದರೆ 0.05 ಮತ್ತು 0.1ರ ನಡುವೆ. ಇದೇ ಅಂಕಿಗಳನ್ನು stargazerಗೆ ಕೊಟ್ಟರೆ ಹನಿ ನೀರಾವರಿಗೆ ಎರಡು ಸ್ಟಾರ್, ಯೂರಿಯಾಕ್ಕೆ ಒಂದು. ಇದರ ಗುರುತು ಇಟ್ಟುಕೊಂಡು ಅದರ ಅಡಿಟಿಪ್ಪಣಿ ಅಂಟಿಸಿದರೆ 0.037 ಇರೋದು ಶೇ. 10ರ ಮಟ್ಟಕ್ಕೆ ಇಳಿಯುತ್ತೆ, ಯೂರಿಯಾದ ಚುಕ್ಕೆಗೆ ಅರ್ಥವೇ ಇರೋದಿಲ್ಲ. ನಾನು ನೋಡಿದ ಪ್ರಬಂಧಗಳಲ್ಲಿ ಈ ತಪ್ಪು ಬೇಕಾದಷ್ಟಿದೆ. p ಕಾಲಂ ಅಳಿಸಿದ ಮೇಲೆ ಹಿಡಿಯಬೇಕೆಂದರೆ ಗುಣಾಂಕವನ್ನು ಸ್ಟ್ಯಾಂಡರ್ಡ್ ಎರರ್‌ನಿಂದ ಭಾಗಿಸಿ ನೋಡಬೇಕು. ಇಷ್ಟು ರೈತರಿದ್ದಾಗ 2ರ ಆಚೆ ಇದ್ದರೆ p 0.05ಕ್ಕಿಂತ ಕಡಿಮೆ ಅಂತ.

‘ಪರಿಣಾಮ ದೊಡ್ಡದು’ ಅನ್ನೋದು ತಪ್ಪು. ಯೂರಿಯಾವನ್ನು ಚೀಲದ ಬದಲು ಕೆಜಿಯಲ್ಲಿ ಹಾಕಿ ನೋಡಿ. ಚೀಲಕ್ಕೆ 45 ಕೆಜಿ, ಹಾಗಾಗಿ ಗುಣಾಂಕ 0.9 ಇದ್ದದ್ದು 0.02 ಆಗುತ್ತೆ. ಸ್ಟ್ಯಾಂಡರ್ಡ್ ಎರರ್ ಕೂಡ ಅಷ್ಟೇ ಪಟ್ಟು ಇಳಿಯುತ್ತೆ. t ಮಾತ್ರ 1.8ರಲ್ಲೇ ಇರುತ್ತೆ, ಗುರುತೂ ಕದಲೋದಿಲ್ಲ.

ಇನ್ನು ‘ದೋಷ’. ನಿಮ್ಮ ತಂದೆ ಕೇಳಿದ್ದು ಸರಿಯಾಗಿದೆ. ಇಲ್ಲಿ ಯಾರೂ ತಪ್ಪು ಮಾಡಿಲ್ಲ. ಬೇರೆ 112 ರೈತರು ಸಿಕ್ಕಿದ್ದರೆ ಈ 3.6 ಎಷ್ಟು ಅತ್ತಿತ್ತ ಆಗಬಹುದಿತ್ತು ಅನ್ನೋದರ ಅಂದಾಜು ಅದು. ಹನಿ ನೀರಾವರಿಗೆ ಆಚೀಚೆ ಎರಡೆರಡು ಸ್ಟ್ಯಾಂಡರ್ಡ್ ಎರರ್ ಲೆಕ್ಕ ಹಾಕಿದರೆ ಸುಮಾರು 0.2 ಟನ್‌ನಿಂದ 7 ಟನ್‌ವರೆಗೆ ಹೋಗುತ್ತೆ. ಸ್ಟಾರ್ ಬಂತು ಅಂತ ಕುಣಿಯುವ ಮೊದಲು ಆ 0.2 ನೋಡಿ. ನನ್ನ ಕೇಳಿದರೆ ‘ಸ್ಟ್ಯಾಂಡರ್ಡ್ ಎರರ್’ ಅಂತಲೇ ಬಿಡಿ. ಪ್ರಬಂಧದ ಕೋಷ್ಟಕದಲ್ಲಿ ಬ್ರಾಕೆಟ್ಟಿನಲ್ಲಿ ಇರೋದು ಅದೇ ಅಂತ ಮಾತ್ರ ಬರೆಯಿರಿ, ಕೆಲವರು ಅಲ್ಲಿ t ಹಾಕುತ್ತಾರೆ.

ಬೆಳಗಾವಿಯ ಹಿರಿಯರು:
‘ಎರರ್’ ಅಂದರೂ ತಪ್ಪು ಅಂತಲೇ ಅಲ್ಲವೇ? ಇಂಗ್ಲಿಷಿನಲ್ಲಿ ನಡೆಯುವ ಹೊಸ ಅರ್ಥ ಕನ್ನಡದ ಪದಕ್ಕೆ ಯಾಕೆ ಬರಬಾರದು? ಸಾಲ ತಂದು ತಂದು ಕೊನೆಗೆ ಕನ್ನಡದ್ದು ಅಂತ ವಿಭಕ್ತಿ ಪ್ರತ್ಯಯ ಮಾತ್ರ ಉಳಿಯುತ್ತದೆ.

ಬೆಳಗಾವಿಯಲ್ಲಿ ಸ್ಟ್ಯಾಟಿಸ್ಟಿಕ್ಸ್ ಪಾಠ ಮಾಡುವವರು:
ಬರಬಹುದು. ಆದರೆ ನಾಳೆ ಬೆಳಿಗ್ಗೆಯೊಳಗೆ ಬರೋದಿಲ್ಲ.

ವಿಜಯಪುರದ ಪ್ರೆಸ್ಸಿನವರು:
ತೆಲುಗಿನಲ್ಲೂ ‘ಚುಕ್ಕ’ ಅಂದರೆ ಬೊಟ್ಟೂ ಹೌದು, ಆಕಾಶದ್ದೂ ಹೌದು. ಬೆಳ್ಳಿಚುಕ್ಕಿ ಅಂದರೆ ಮೈಸೂರಿನವರಿಗೂ ತಿಳಿಯುತ್ತೆ. ಸುಮ್ನೆ ನಮ್ಮ ಪದ ಬಿಟ್ಟುಕೊಡಬೇಡಿ.

ಎಂಎ ಎಕನಾಮಿಕ್ಸ್ ಮಾಡಿದವರು:
ರಂಗೋಲಿಯ ಚುಕ್ಕಿ? ದಶಮಾಂಶದ ಚುಕ್ಕಿ? ಅಂಕಿಗಳ ನಡುವೆ ಈ ಪದ ಬೇಡವೇ ಬೇಡ.

ಬಾಗಲಕೋಟೆಯ ವಿದ್ಯಾರ್ಥಿನಿ:
ಎಲ್ಲರಿಗೂ ಥ್ಯಾಂಕ್ಸ್. ಯೂರಿಯಾದ ಚುಕ್ಕೆ ತೆಗೆದು p ಬೆಲೆಯನ್ನೇ ಬರೆದೆ. ಅಡಿಟಿಪ್ಪಣಿ ಹೀಗಿದೆ: “ಬ್ರಾಕೆಟ್ಟಿನಲ್ಲಿ ಇರುವುದು ಸ್ಟ್ಯಾಂಡರ್ಡ್ ಎರರ್. * p < 0.05.” ಗುರುತಿಗೆ ಹೆಸರೇ ಹಾಕಲಿಲ್ಲ.

ಬೆಳಗಾವಿಯ ಹಿರಿಯರು:
ಅಚ್ಚಿಗೆ ಸರಿ. ವೇದಿಕೆ ಮೇಲೆ ನಿಂತು ಓದುವಾಗ ಏನಂತೀರಿ?