ಆ ಎಂಬತ್ತು ಎಂಎಲ್ ರಕ್ತ ಯಾರದು?

ಪ್ರಕಾಶ ಮಾವ: _ಫಾರ್ವರ್ಡ್: ಮಗುವಿನ ಹೊಕ್ಕುಳಬಳ್ಳಿ ರಕ್ತ ಉಳಿಸಿ. 80ಕ್ಕೂ ಹೆಚ್ಚು ಕಾಯಿಲೆಗಳಿಂದ ರಕ್ಷಣೆ. ಕಂತಿನಲ್ಲೂ ಕಟ್ಟಬಹುದು._
ಕಾವ್ಯಾ, ಇದನ್ನು ನೋಡಮ್ಮ. ಡೆಲಿವರಿಗೆ ಇನ್ನು ಐದೇ ವಾರ. ಮೊದಲ ಕಂತು ನನ್ನದು.

ಕಾವ್ಯ: ನಮ್ಮ ಆಸ್ಪತ್ರೆಯಲ್ಲೂ ಒಬ್ಬರು ಬಂದು ಹೇಳಿದರು ಮಾವ. ಎಲ್ಲ ಸೇರಿ ಮುಕ್ಕಾಲು ಲಕ್ಷ ಆಗುತ್ತದಂತೆ. ಸುಧಕ್ಕ, ನೀವು ಏನು ಹೇಳ್ತೀರಿ?

ಸುಧಕ್ಕ: ಡ್ಯೂಟಿ ಮುಗಿಸಿ ಈಗ ಬಂದೆ. ಮಾವ, ಬೇಜಾರು ಮಾಡ್ಕೋಬೇಡಿ, ನಾನು ಬೇಡ ಅಂತೀನಿ. ಆ 80 ಕಾಯಿಲೆಗಳ ಪಟ್ಟಿ ಸುಳ್ಳಲ್ಲ. ಆದರೆ ಅದರಲ್ಲಿ ಹೆಚ್ಚಿನವಕ್ಕೆ ಬೇಕಾಗುವುದು ಬೇರೆಯವರ ಸ್ಟೆಮ್ ಸೆಲ್, ಅಂದರೆ ಹೊಸ ರಕ್ತ ಹುಟ್ಟಿಸುವ ಮೂಲ ಕೋಶ, ಮಗುವಿನದೇ ಅಲ್ಲ. ಥಲಸ್ಸೀಮಿಯಾ ಅನ್ನುವ, ಹುಟ್ಟಿನಿಂದಲೇ ಬರುವ ರಕ್ತದ ಕಾಯಿಲೆ ತೆಗೆದುಕೊಳ್ಳಿ. ಮಗುವಿಗೆ ಅದು ಬಂದಿದ್ದರೆ, ಕಟ್ಟಿಟ್ಟ ರಕ್ತದಲ್ಲೂ ಅದೇ ಕೆಟ್ಟ ಜೀನ್ ಇರುತ್ತದೆ. ಅದನ್ನೇ ವಾಪಸ್ ಹಾಕಿ ಏನು ಪ್ರಯೋಜನ?

ಪ್ರಕಾಶ ಮಾವ: ಹಾಗಾದರೆ ಇಷ್ಟು ಜನ ದುಡ್ಡು ಕಟ್ಟುತ್ತಿರುವುದು ಸುಮ್ನೆನಾ? ಇದು ಇನ್ಶೂರೆನ್ಸ್ ಇದ್ದ ಹಾಗೆ. ಬೇಕಾಗದಿದ್ದರೆ ಒಳ್ಳೆಯದೇ ಅಲ್ವಾ?

ಸುಧಕ್ಕ: ಇನ್ಶೂರೆನ್ಸ್ ಆದರೆ ಕಷ್ಟ ಬಂದಾಗ ದುಡ್ಡು ಬರಬೇಕಲ್ಲ. ಮಗುವಿಗೆ ತನ್ನದೇ ರಕ್ತ ಮುಂದೆ ಬೇಕಾಗುವ ಸಾಧ್ಯತೆ, ನಮ್ಮ ದೇಶದ ಮಕ್ಕಳ ವೈದ್ಯರ ಸಂಘ ಕೊಟ್ಟ ಲೆಕ್ಕದಲ್ಲಿ, ಹೆಚ್ಚೆಂದರೆ 2500ರಲ್ಲಿ ಒಂದು. ಕಡಿಮೆ ಅಂದರೆ ಎರಡು ಲಕ್ಷದಲ್ಲಿ ಒಂದು. ಸ್ವಂತಕ್ಕೆ ಇಟ್ಟುಕೊಳ್ಳುವುದಕ್ಕೆ ವೈಜ್ಞಾನಿಕ ಆಧಾರವಿಲ್ಲ ಅಂತ ಸರ್ಕಾರದ ವೈದ್ಯಕೀಯ ಸಂಶೋಧನಾ ಮಂಡಳಿ ಐಸಿಎಂಆರ್ 2017ರಲ್ಲೇ ಬರೆದಿದೆ.

ರಘು: ಅಕ್ಕ, ದೊಡ್ಡವನಾದ ಮೇಲೆ ಬೇಕಾದರೆ ಕಟ್ಟಿಟ್ಟ ಆ ಒಂದು ಚೀಲ ರಕ್ತ ಸಾಕಾಗುತ್ತದಾ?

ಸುಧಕ್ಕ: ಒಳ್ಳೆ ಪ್ರಶ್ನೆ. ರೋಗಿಯ ಒಂದೊಂದು ಕೆಜಿ ತೂಕಕ್ಕೂ ಕನಿಷ್ಠ ಎರಡೂವರೆ ಕೋಟಿ ಕೋಶ ಬೇಕು ಅನ್ನುತ್ತಾರೆ. ನಿಮ್ಮ ಚೀಲದಲ್ಲಿ 75 ಕೋಟಿ ಇದೆ ಅಂದುಕೊಳ್ಳೋಣ. 30 ಕೆಜಿಯ ಹುಡುಗನಿಗೆ ಆಯಿತು. ಅವನು 60 ಕೆಜಿ ಆದ ಮೇಲೆ ಅದು ಅರ್ಧಕ್ಕೆ ನಿಂತುಬಿಡುತ್ತದೆ. ದುಡ್ಡು ಕಟ್ಟಿದವರು ರಿಪೋರ್ಟಿನಲ್ಲಿ ಈ ಕೋಶಗಳ ಲೆಕ್ಕವನ್ನು ನೋಡಬೇಕು. ಯಾರೂ ನೋಡುವುದಿಲ್ಲ, ಸರ್ಟಿಫಿಕೇಟ್ ಬಂತು ಅಂದರೆ ಖುಷಿ.

ಇನ್ನೊಂದು ವಿಷಯ, ನನಗೆ ಇದೇ ಮುಖ್ಯ. ಚೀಲಕ್ಕೆ ಹೋಗುವ ರಕ್ತ ಕಸವಲ್ಲ. ಮಗು ಹೊರಗೆ ಬಂದ ಮೇಲೂ ಬಳ್ಳಿ ಮಿಡಿಯುತ್ತಿರುತ್ತದೆ. ಮಾಸಿನಲ್ಲಿದ್ದ ರಕ್ತ ಮಗುವಿನ ಕಡೆ ಹರಿಯುತ್ತಿರುತ್ತದೆ. ಒಂದು ನಿಮಿಷದಲ್ಲಿ ಸುಮಾರು 80 ಎಂಎಲ್, ಮೂರು ನಿಮಿಷಕ್ಕೆ ಹತ್ತಿರಹತ್ತಿರ 100. ಮೂರು ಕೆಜಿ ಮಗುವಿನ ಮೈಯಲ್ಲಿ ಇರುವುದೇ ಕಾಲು ಲೀಟರಿನಷ್ಟು! ಹುಟ್ಟಿದ ತಕ್ಷಣ ಕ್ಲಿಪ್ ಹಾಕಿದರೆ ಅಷ್ಟು ರಕ್ತ, ಅದರ ಜೊತೆಗಿನ ಕಬ್ಬಿಣದ ಅಂಶ ಎಲ್ಲ ಮಗುವಿಗೆ ತಪ್ಪುತ್ತದೆ. ಎದೆಹಾಲಿನಲ್ಲಿ ಕಬ್ಬಿಣ ಕಡಿಮೆ. ಮೊದಲ ಆರು ತಿಂಗಳು ಮಗು ನಡೆಯುವುದು ಈ ದಾಸ್ತಾನಿನ ಮೇಲೆ.

ದೊಡ್ಡಮ್ಮ: ನಮ್ಮ ಊರಿನ ಸೂಲಗಿತ್ತಿ ಮಾಸು ಬೀಳುವ ತನಕ ಬಳ್ಳಿ ಕೊಯ್ಯುತ್ತಲೇ ಇರಲಿಲ್ಲ ಕಣೆ. ನಾವು ಹುಟ್ಟಿದ್ದು ಹಾಗೇ.

ಸುಧಕ್ಕ: ಅಷ್ಟು ಹೊತ್ತು ಬೇಡ ದೊಡ್ಡಮ್ಮ. ಒಂದರಿಂದ ಮೂರು ನಿಮಿಷ ಅಂತ ಡಬ್ಲ್ಯೂಎಚ್‌ಒ ಹೇಳುತ್ತದೆ. ಸಿಸೇರಿಯನ್ ಆದರೂ ಆಗುತ್ತದೆ.

ಪ್ರಕಾಶ ಮಾವ: ಒಂದು ನಿಮಿಷ ಬಿಟ್ಟು ಆಮೇಲೆ ಚೀಲ ತುಂಬಿಸಿಕೊಂಡರೆ ಎರಡೂ ಆಯಿತಲ್ಲ?

ಸುಧಕ್ಕ: ಆಗುತ್ತದೆ ಮಾವ, ಆದರೆ ಹೊತ್ತಾದಷ್ಟೂ ಚೀಲ ಹಗುರ. ಹಗುರವಾದರೆ ಕೋಶ ಕಡಿಮೆ. ಆಗ ಚೀಲಕ್ಕೋಸ್ಕರ ಬೇಗ ಕ್ಲಿಪ್ ಹಾಕುವ ಆಸೆ ಬರುತ್ತದೆ. ಅದೇ ನನ್ನ ಭಯ.

ಕಾವ್ಯ: ತಡ ಮಾಡಿದರೆ ಕಾಮಾಲೆ ಬರುತ್ತದೆ ಅಂತ ಅತ್ತೆ ಹೇಳುತ್ತಿದ್ದಾರೆ.

ಸುಧಕ್ಕ: ಸ್ವಲ್ಪ ಹೌದು. ನೀಲಿ ಬೆಳಕಿನಡಿ ಇಡಬೇಕಾಗುವ ಮಕ್ಕಳು ತುಸು ಜಾಸ್ತಿ. ಮನೆಗೆ ಕಳಿಸುವ ಮೊದಲು ಬಿಲಿರುಬಿನ್ ನೋಡಿಸಿ, ಮೂರನೇ ನಾಲ್ಕನೇ ದಿನ ಮತ್ತೆ ತೋರಿಸು. ಮಗು ಉಸಿರಾಡಲು ಒದ್ದಾಡಿದರೆ, ಅಥವಾ ನಿನಗೆ ಜಾಸ್ತಿ ರಕ್ತ ಹೋದರೆ ಡಾಕ್ಟರು ಕಾಯುವುದಿಲ್ಲ. ಆಗ ಹಟ ಮಾಡಬಾರದು.

ಪ್ರಕಾಶ ಮಾವ: ಅಂದರೆ ಯಾರಿಗೂ ಬೇಡವೇ ಬೇಡವಾ?

ಸುಧಕ್ಕ: ಮನೆಯಲ್ಲಿ ಮೊದಲ ಮಗುವಿಗೆ ಥಲಸ್ಸೀಮಿಯಾ ಇದ್ದು ಎರಡನೆಯದು ಹುಟ್ಟುತ್ತಿದ್ದರೆ, ಖಂಡಿತ ಇಡಿಸಿ ಅಂತೀನಿ. 1988ರಲ್ಲಿ ಪ್ಯಾರಿಸ್ಸಿನಲ್ಲಿ ಮೊದಲ ಸಲ ಕೊಟ್ಟಾಗಲೂ ರಕ್ತ ತಂಗಿಯದೇ ಆಗಿತ್ತು. ಒಡಹುಟ್ಟಿದವರಲ್ಲೂ ಪೂರ್ತಿ ಹೊಂದಾಣಿಕೆ ಆಗುವುದು ನಾಲ್ಕರಲ್ಲಿ ಒಂದು ಸಲ. ಕಾವ್ಯಂದು ಮೊದಲ ಮಗು, ಎರಡೂ ಕಡೆ ಅಂಥದ್ದೇನೂ ಇಲ್ಲ.

ಪ್ರಕಾಶ ಮಾವ: ನನಗಿನ್ನೂ ಪೂರ್ತಿ ಒಪ್ಪಿಗೆಯಿಲ್ಲ. ನಾಳೆ ಯಾವ ಹೊಸ ಔಷಧಿ ಬರುತ್ತದೋ ಯಾರಿಗೆ ಗೊತ್ತು?

ರಘು: ಮಾವ, ಮೊದಲ ಕಂತು ಅಂದಿರಲ್ಲ, ಅದನ್ನು ಮಗು ಹೆಸರಿನಲ್ಲಿ ಎಫ್‌ಡಿ ಇಡಿ. 😄 ಅಕ್ಕ, ಸೋಮವಾರ ಡಾಕ್ಟರ ಹತ್ತಿರ ಹೋಗುತ್ತಿದ್ದೇವೆ. ಏನು ಕೇಳಬೇಕು?

ಸುಧಕ್ಕ: "ಬಳ್ಳಿಗೆ ಎಷ್ಟು ಹೊತ್ತಿಗೆ ಕ್ಲಿಪ್ ಹಾಕುತ್ತೀರಿ, ಸಿಸೇರಿಯನ್ ಆದರೂ ಅಷ್ಟೇನಾ?" ಅಂತ ಕೇಳಿ. "ನೋಡೋಣ" ಅಂದರೆ, ಕಡೇಪಕ್ಷ ಒಂದು ನಿಮಿಷ ಅಂತ ಫೈಲಿನಲ್ಲಿ ಬರೆಸಿ.