ಅಪ್‌ಡೇಟ್: ಪರ್ಮ್ ಆದ ಮೇಲೆ ಕಲರ್ ಹಾಕಿಸಿದೆ

ನಾನು ಕೇಳಿದ್ದು: ಈಗಷ್ಟೇ ಕೂದಲು ಗುಂಗುರಾಗಿಸುವ ಪರ್ಮ್ ಮಾಡಿಸಿದ್ದೇನೆ, ಕಲರ್ ಹಾಕಲು ಎಷ್ಟು ದಿನ ಕಾಯಬೇಕು?

ಹುಬ್ಬಳ್ಳಿಯ ಪಾರ್ಲರ್ ಅಕ್ಕ ಕನಿಷ್ಠ 2 ವಾರ ಎಂದರು. ಧಾರವಾಡದಲ್ಲಿ ಮದುವೆ ಇತ್ತು, ಆದ್ರೂ ಕಾದೆ. ಆಮೇಲೆ ಒದ್ದೆ ಕೂದಲಿನ ಒಂದೆಳೆ ಮೆಲ್ಲಗೆ ಎಳೆದು ನೋಡಿದರು. ಸ್ವಲ್ಪ ಹಿಗ್ಗಿ ವಾಪಸ್ ಬಂದರೆ ಸರಿ. ಅಂಟಂಟಾಗಿ ಜಗ್ಗುತ್ತಲೇ ಹೋದರೆ, ಇಲ್ಲಾ ಪಟಕ್ಕನೆ ಹರಿದರೆ ಇನ್ನೂ ಕಾಯಬೇಕು. ನನ್ನದು ತುದಿ ಮಾತ್ರ ಜಗ್ಗಿತು, ಅಷ್ಟನ್ನು ಕತ್ತರಿಸಿದರು.

ಕಿವಿ ಹಿಂದಿನ ಸಣ್ಣ ಎಳೆಗೆ ಅಮೋನಿಯಾ ಇಲ್ಲದ ಕಂದು ಬಣ್ಣ ಹಚ್ಚಿ ನೋಡಿದಾಗ ಅಂದುಕೊಂಡದ್ದಕ್ಕಿಂತ ಗಾಢವಾಯಿತು, ಪರ್ಮ್ ಆದ ಕೂದಲು ಬಣ್ಣ ಜಾಸ್ತಿ ಹೀರುತ್ತದೆ ಅಲ್ವಾ. ಅದಕ್ಕೇ ಒಂದು ಶೇಡ್ ತಿಳಿಯಾದ ಬಣ್ಣ ಆರಿಸಿ, ಬುಡಕ್ಕೆ ಮೊದಲು, ತುದಿಗೆ ಕೊನೆಗೆ ಹಚ್ಚಿದರು. ಗುಂಗುರು ತುಸು ಸಡಿಲಾಗಿದೆ, ಕೂದಲು ಮಾತ್ರ ಉದುರಿಲ್ಲ.