ಅತ್ತೆ ಒಯ್ದ ಬೇಳೆ, ಮಾವ ಹಂಚಿದ ಕಾಫಿಪುಡಿ: ಲೆಕ್ಕದಲ್ಲಿ ಎಲ್ಲಿ ಬರೆಯಬೇಕು?

ಪ್ರಶ್ನೆ (ಶಿರಾ): ಮಾವನವರ ದಿನಸಿ ಅಂಗಡಿಯ ಲೆಕ್ಕ ಈಗ ನನ್ನ ಕೈಗೆ ಬಂದಿದೆ. ಜಿಎಸ್‌ಟಿ ನೋಂದಣಿ ಇದೆ, ಮಾರಾಟದ ಮೇಲೆ ಸಣ್ಣ ದರದ ತೆರಿಗೆ ಕಟ್ಟುವ ಕಾಂಪೊಸಿಷನ್ ಅಲ್ಲ. ವರ್ಷದ ಮಾರಾಟ 54 ಲಕ್ಷ. ಮಾವನವರು ಎಲ್ಲದರ ಮೇಲೂ ನೂರಕ್ಕೆ ಹತ್ತು ಸಿಗುತ್ತದೆ ಎನ್ನುತ್ತಾರೆ, ನನ್ನ ಲೆಕ್ಕದಲ್ಲಿ ಒಂಬತ್ತೂ ಬರುತ್ತಿಲ್ಲ. ಪ್ರತಿ ತಿಂಗಳು ಮನೆಗೆ ಅಕ್ಕಿ, ಬೇಳೆ, ಎಣ್ಣೆ, ಸೋಪು ಅಂಗಡಿಯಿಂದಲೇ ಬರುತ್ತವೆ, ಅದನ್ನು ಯಾರೂ ಬರೆಯುವುದಿಲ್ಲ. ಹೊಸ ಕಾಫಿಪುಡಿ ಬಂದಾಗ 50 ಗ್ರಾಂ ಪೊಟ್ಟಣ ಕಟ್ಟಿ ಗಿರಾಕಿಗಳಿಗೆ ಪುಕ್ಕಟೆ ಹಂಚಿದ್ದೂ ಉಂಟು. ಇವೆರಡನ್ನೂ ಯಾವ ಬೆಲೆಗೆ, ಎಲ್ಲಿ ಬರೆಯಬೇಕು?

ಕುಣಿಗಲ್‌ನ ವ್ಯಾಪಾರಿ: ನಾನು ಹದಿನೈದು ವರ್ಷದಿಂದ ನನ್ನ ಹೆಸರಿಗೇ ಬಿಲ್ ಹಾಕುತ್ತೇನೆ, ಎಂಆರ್‌ಪಿ ದರದಲ್ಲಿ. ತೆರಿಗೆಯೂ ಕಟ್ಟಿದಂತಾಯಿತು, ಮಾಲಿನ ಲೆಕ್ಕವೂ ಸರಿಯಾಯಿತು. ಇಷ್ಟಕ್ಕೆ ತಲೆ ಕೆಡಿಸಿಕೊಳ್ಳುವುದೇನಿದೆ?

ತುಮಕೂರಿನ ತೆರಿಗೆ ಸಲಹೆಗಾರ: ಬಿಲ್ ಹಾಕುವುದರಿಂದ ಸರ್ಕಾರಕ್ಕೆ ನಷ್ಟವಿಲ್ಲ, ಅಷ್ಟರ ಮಟ್ಟಿಗೆ ನಿಮ್ಮ ಮಾತು ಸರಿ. ಆದರೆ ಒಂದು ಕೇಳುತ್ತೇನೆ: ಬಿಲ್ಲಿನ ಹಣವನ್ನು ನಿಜವಾಗಿ ಗಲ್ಲಾಪೆಟ್ಟಿಗೆಗೆ ಹಾಕುತ್ತೀರಾ? ಹಾಕದಿದ್ದರೆ ನಗದು ಪುಸ್ತಕದಲ್ಲಿ ತಿಂಗಳು ತಿಂಗಳೂ ಇಲ್ಲದ ಹಣ ಬೆಳೆಯುತ್ತಾ ಹೋಗುತ್ತದೆ. ಮಾರ್ಚ್‌ನಲ್ಲಿ ಪುಸ್ತಕದಲ್ಲಿ ಐವತ್ತು ಸಾವಿರ, ಪೆಟ್ಟಿಗೆಯಲ್ಲಿ ಎರಡು ಸಾವಿರ. ಹಣ ಹಾಕಿದರೂ, ನಿಮ್ಮಿಂದ ನೀವೇ ಲಾಭ ಮಾಡಿಕೊಂಡಂತೆ ತೋರಿಸಿ ಅದರ ಮೇಲೆ ಆದಾಯ ತೆರಿಗೆ ಕಟ್ಟುತ್ತಿದ್ದೀರಿ. ತನ್ನೊಡನೆ ತಾನೇ ವ್ಯಾಪಾರ ಮಾಡಿ ಯಾರೂ ಲಾಭ ಗಳಿಸಲಾರರು ಎಂಬುದು ಹಳೆಯ ಮಾತು. ಸರ್ ಕಿಕಾಭಾಯ್ ಪ್ರೇಮ್‌ಚಂದ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 1953ರಲ್ಲೇ ಹೇಳಿದೆ: ವ್ಯಾಪಾರದ ಮಾಲನ್ನು ಮಾಲೀಕ ಹೊರತೆಗೆದರೆ ಅದರ ಬೆಲೆ ಕೊಂಡ ಬೆಲೆಯೇ, ಅಂದಿನ ಮಾರುಕಟ್ಟೆ ಬೆಲೆಯಲ್ಲ.

ಶಿರಾದವರೇ, ನಿಮಗೂ ಇದೇ ಉತ್ತರ. ಕೊಂಡ ಬೆಲೆಗೆ, ಖರೀದಿಯಿಂದ ಕಳೆದು ಬರೆಯಿರಿ. ಅದು ಮಾರಾಟವಲ್ಲ, ಮಾರಲೆಂದು ಕೊಂಡದ್ದರಲ್ಲಿ ಒಂದಿಷ್ಟು ಮಾರದೆ ಮನೆಗೆ ಹೋಯಿತು, ಅಷ್ಟೇ. ಒಂದು ತಿಂಗಳು ಮನೆಗೆ ಹೋದದ್ದರ ಪಟ್ಟಿ ಹಾಕಿ, ಮಾಡಿ ತೋರಿಸುತ್ತೇನೆ.

ಶಿರಾ: ಅತ್ತೆಯನ್ನು ಕೂರಿಸಿಕೊಂಡು ಬರೆದೆ ಸರ್. ಖರೀದಿ ಬಿಲ್ಲಿನ ಪ್ರಕಾರ, ತೆರಿಗೆ ಬಿಟ್ಟು: ಬಿಡಿ ಅಕ್ಕಿ, ಬೇಳೆ 1,500 ರೂಪಾಯಿ. ಎಣ್ಣೆ, ಚಹಾಪುಡಿ, ಸೋಪು 2,000. ಬಟ್ಟೆ ಒಗೆಯುವ ಪುಡಿ 500. ಎಂಆರ್‌ಪಿ ಲೆಕ್ಕದಲ್ಲಿ ಇದೆಲ್ಲ 4,800 ದಾಟುತ್ತದೆ.

ಸಲಹೆಗಾರ: 4,800 ಮರೆತುಬಿಡಿ. ಮಾಲು 4,000. ಇನ್ನು ತೆರಿಗೆ. ಬಿಡಿ ಅಕ್ಕಿ ಬೇಳೆಗೆ ತೆರಿಗೆಯಿಲ್ಲ. ಎರಡು ಸಾವಿರಕ್ಕೆ ಶೇ 5ರಂತೆ 100, ಬಟ್ಟೆ ಪುಡಿಗೆ ಶೇ 18ರಂತೆ 90. ಕೊಳ್ಳುವಾಗ ಕೊಟ್ಟ ಈ 190 ರೂಪಾಯಿಯನ್ನು ನೀವು ಕಟ್ಟಬೇಕಾದ ತೆರಿಗೆಯಲ್ಲಿ ಕಳೆಯಬಹುದಾದ ಇನ್‌ಪುಟ್ ತೆರಿಗೆ ಎಂದು ಆಗಲೇ ಹಿಡಿದುಕೊಂಡಿದ್ದೀರಿ. ಸ್ವಂತಕ್ಕೆ ಬಳಸಿದ ಮಾಲಿನ ಮೇಲೆ ಆ ಹಕ್ಕು ಇಲ್ಲ, ಜಿಎಸ್‌ಟಿ ಕಾಯ್ದೆಯ 17(5) ಕಲಮು ಅದನ್ನು ತಡೆಯುತ್ತದೆ. ಹಿಂದಿರುಗಿಸಬೇಕು.

ಆದ್ದರಿಂದ ಟ್ಯಾಲಿಯ ಜರ್ನಲ್‌ನಲ್ಲಿ, ಮಾಲೀಕರು ಸ್ವಂತಕ್ಕೆ ತೆಗೆದದ್ದನ್ನು ಬರೆಯುವ ಮಾವನವರ ಡ್ರಾಯಿಂಗ್ಸ್ ಖಾತೆಗೆ 4,190 ಖರ್ಚು. ಎದುರಿಗೆ ಖರೀದಿ ಖಾತೆಗೆ 4,000, ಇನ್‌ಪುಟ್ ಸಿಜಿಎಸ್‌ಟಿಗೆ 95, ಎಸ್‌ಜಿಎಸ್‌ಟಿಗೆ 95 ಜಮೆ. ಆ ತಿಂಗಳ ಜಿಎಸ್‌ಟಿ ರಿಟರ್ನ್ GSTR-3Bಯಲ್ಲಿ 4(B)(1) ಸಾಲಿನಲ್ಲಿ 95, 95 ತುಂಬಿ. ಎಷ್ಟೋ ಅಂಗಡಿಗಳಲ್ಲಿ ಪುಸ್ತಕದ ನಮೂದು ಸರಿಯಾಗಿರುತ್ತದೆ, ಈ ಸಾಲು ಮಾತ್ರ ಖಾಲಿ.

ಕಾಫಿಪುಡಿಯ ದಾರಿ ಬೇರೆ. ಅದು ಹೊಟ್ಟೆಗೆ ಹೋಗಲಿಲ್ಲ, ವ್ಯಾಪಾರ ಬೆಳೆಸಲು ಹೋಯಿತು. ಆದ್ದರಿಂದ ಡ್ರಾಯಿಂಗ್ಸ್ ಅಲ್ಲ, ಪ್ರಚಾರ ವೆಚ್ಚ. ಎಷ್ಟು ಹಂಚಿದಿರಿ?

ಶಿರಾ: ವರ್ಷದಲ್ಲಿ ಸುಮಾರು 400 ಪೊಟ್ಟಣ. ಕಿಲೋ 600ರಂತೆ 20 ಕಿಲೋ.

ಸಲಹೆಗಾರ: ಹಾಗಾದರೆ 12,000, ಅದಕ್ಕೆ ಶೇ 5ರ ತೆರಿಗೆ 600. ಉಚಿತ ಮಾದರಿಗೂ ಇನ್‌ಪುಟ್ ಸಿಗುವುದಿಲ್ಲ, ಅದೇ 17(5). ಪ್ರಚಾರ ವೆಚ್ಚ 12,600, ಖರೀದಿಯಿಂದ 12,000 ಕಡಿಮೆ, ಇನ್‌ಪುಟ್‌ನಿಂದ 600 ಕಡಿಮೆ. ವ್ಯತ್ಯಾಸ ಇಷ್ಟೇ: ಈ 12,600 ಆದಾಯ ತೆರಿಗೆಗೆ ಒಪ್ಪುವ ಖರ್ಚು, ಮನೆಯ 4,190 ಒಪ್ಪುವುದಿಲ್ಲ.

ತಿಪಟೂರಿನ ಏಜೆನ್ಸಿಯವರು: ಇದು ಅನ್ಯಾಯ ಸರ್. ನನಗೆ ಕಂಪನಿಯವರು ಹತ್ತು ಡಬ್ಬಿಗೆ ಒಂದು ಪುಕ್ಕಟೆ ಕೊಡುತ್ತಾರೆ, ನಾನೂ ಅಂಗಡಿಗಳಿಗೆ ಹಾಗೆಯೇ ಕೊಡುತ್ತೇನೆ. ಹನ್ನೊಂದನೆಯದಕ್ಕೆಲ್ಲ ಇನ್‌ಪುಟ್ ವಾಪಸು ಕೊಟ್ಟರೆ ನನಗೆ ಉಳಿಯುವುದೇನು?

ಸಲಹೆಗಾರ: ನಿಮ್ಮದು ಮಾದರಿಯೇ ಅಲ್ಲ. ಹತ್ತರ ಬೆಲೆಗೆ ಹನ್ನೊಂದು ಮಾರುತ್ತಿದ್ದೀರಿ. 2019ರ ಮಾರ್ಚ್ 7ರ ಜಿಎಸ್‌ಟಿ ಸುತ್ತೋಲೆಯೇ ಇದನ್ನು ಬಿಡಿಸಿ ಹೇಳಿದೆ: ಒಂದು ಕೊಂಡರೆ ಒಂದು ಉಚಿತ ಎಂಬಲ್ಲಿ ಎರಡಕ್ಕೂ ಸೇರಿ ಒಂದು ಬೆಲೆ, ಇನ್‌ಪುಟ್ ಪೂರ್ತಿ ಸಿಗುತ್ತದೆ. ಏನನ್ನೂ ಕೊಳ್ಳದವನ ಕೈಗೆ ಪೊಟ್ಟಣ ಇಟ್ಟರೆ ಅದು ಮಾದರಿ. ಶಿರಾದ ಮಾವನವರೂ ಒಂದು ಕಿಲೋ ಕಾಫಿಪುಡಿ ಕೊಂಡವರಿಗೆ ಅದೇ ಬಿಲ್ಲಿನಲ್ಲಿ ಪೊಟ್ಟಣ ಸೇರಿಸಿ ಕೊಟ್ಟಿದ್ದರೆ ಮಾತೇ ಬೇರೆ ಇತ್ತು.

ಗುಬ್ಬಿಯ ಅಂಗಡಿಯವರು: ನಾನು ಕಾಂಪೊಸಿಷನ್‌ನಲ್ಲಿದ್ದೇನೆ. ಇನ್‌ಪುಟ್ಟೇ ಇಲ್ಲ. ನನಗೆ ಇದಾವುದೂ ಬೇಡ ತಾನೆ?

ಸಲಹೆಗಾರ: ತೆರಿಗೆ ಹಿಂದಿರುಗಿಸುವುದು ಬೇಡ. ಡ್ರಾಯಿಂಗ್ಸ್ ಬರೆಯುವುದು ಬೇಕು, ಇಲ್ಲವಾದರೆ ಶಿರಾದವರ ಹಾಗೆ ನೀವೂ ಹತ್ತು ಎಲ್ಲಿ ಹೋಯಿತು ಎಂದು ಹುಡುಕುತ್ತೀರಿ.

ಶಿರಾ: ಹುಡುಕಿದ್ದು ಸಿಕ್ಕಿತು ಸರ್! ಆರಂಭದ ದಾಸ್ತಾನು 6,00,000, ಖರೀದಿ 49,50,000, ಕೊನೆಯ ದಾಸ್ತಾನು 6,30,000. ಮಾರಿದ ಮಾಲಿನ ವೆಚ್ಚ 49,20,000, ಲಾಭ 4,80,000. ಈಗ ಖರೀದಿಯಿಂದ ಮನೆಯ 48,000, ಕಾಫಿಯ 12,000 ಕಳೆದೆ. ಲಾಭ 5,40,000. ಸರಿಯಾಗಿ ನೂರಕ್ಕೆ ಹತ್ತು. ಮಾವನವರು ಮೀಸೆ ತಿರುವಿಕೊಂಡು ಓಡಾಡುತ್ತಿದ್ದಾರೆ.

ಸಲಹೆಗಾರ: ಪ್ರತಿ ತಿಂಗಳೂ ನಾಲ್ಕೇ ಸಾವಿರವೇ ಎಂದು ಒಮ್ಮೆ ನೋಡಿ, ಯುಗಾದಿ, ಗೌರಿ ಹಬ್ಬದ ತಿಂಗಳಲ್ಲಿ ಯಾರ ಮನೆಗೂ ಅಷ್ಟರಲ್ಲಿ ಸಾಲದು. ಲೆಕ್ಕ ಇಷ್ಟು ಚೆನ್ನಾಗಿ ಕೂಡಿದರೆ ನನಗೆ ಅನುಮಾನವೇ ಹೆಚ್ಚು. ಇನ್ನೊಂದು: ಕಾಫಿಯ 12,000 ಮೇಲಿನಿಂದ ಕೆಳಗಿಳಿದು ಪ್ರಚಾರ ವೆಚ್ಚದಲ್ಲಿ ಮತ್ತೆ ಕಳೆಯುತ್ತದೆ, ಆ 600 ತೆರಿಗೆಯೂ ಅದರ ಜೊತೆಗೆ. ನಿವ್ವಳದಲ್ಲಿ ನಿಜವಾಗಿ ಹೆಚ್ಚುವುದು ಮನೆಯ 48,000ದಲ್ಲಿ ಆ 600 ಕಳೆದು 47,400, ಅದರ ಮೇಲೆ ಆದಾಯ ತೆರಿಗೆ ಬರುತ್ತದೆಂದು ಮಾವನವರಿಗೆ ಈಗಲೇ ಹೇಳಿಬಿಡಿ. ಹಿಂದಿನ ತಿಂಗಳುಗಳ ಇನ್‌ಪುಟ್ ಈಗ ಹಿಂದಿರುಗಿಸಿ. ಅದನ್ನು ತೆರಿಗೆ ಕಟ್ಟಲು ಬಳಸಿಬಿಟ್ಟಿದ್ದರೆ ವರ್ಷಕ್ಕೆ ಶೇ 18ರಂತೆ ಬಡ್ಡಿಯೂ ಸೇರುತ್ತದೆ.

ಮುಂದಕ್ಕೆ ಉದ್ರಿ ಪುಸ್ತಕದಲ್ಲಿ ಅತ್ತೆಯವರಿಗೂ ಒಂದು ಪುಟ ತೆರೆಯಿರಿ. ಗಿರಾಕಿಯ ಸಾಮಾನು ಬರೆದಂತೆಯೇ ಬರೆಯಿರಿ, ದರ ಬೇಡ, ತೂಕ ಸಾಕು. ತಿಂಗಳ ಕೊನೆಗೆ ಖರೀದಿ ಬಿಲ್ ನೋಡಿ ಬೆಲೆ ಕಟ್ಟಿದರಾಯಿತು.

ಕುಣಿಗಲ್‌ನ ವ್ಯಾಪಾರಿ: ಖರ್ಜೂರದ ಡಬ್ಬಿ ತೆರೆದು ಗಿರಾಕಿಗಳು ರುಚಿ ನೋಡಲಿ ಎಂದು ಗಲ್ಲಾದ ಪಕ್ಕ ಇಟ್ಟಿದ್ದೇನೆ. ಅದೂ ಮಾದರಿಯೇ? ಒಂದೊಂದು ಖರ್ಜೂರಕ್ಕೂ ಇನ್‌ಪುಟ್ ವಾಪಸೇ?

ಸಲಹೆಗಾರ: ಇದರಲ್ಲಿ ನಮ್ಮವರಲ್ಲೇ ಎರಡು ಮತವಿದೆ. ಅಂಗಡಿಯೊಳಗೆ ವ್ಯಾಪಾರಕ್ಕಾಗಿಯೇ ಖರ್ಚಾದ ಮಾಲು, ಕೊಟ್ಟುಬಿಟ್ಟದ್ದಲ್ಲ ಎಂದು ಕೆಲವರು ವಾದಿಸುತ್ತಾರೆ. ಬಾಯಿಗೆ ಹೋದದ್ದು ಉಚಿತ ಮಾದರಿಯೇ ಎಂದು ಇನ್ನು ಕೆಲವರು. ನನ್ನ ಕಕ್ಷಿದಾರರಿಗೆ ಹಿಂದಿರುಗಿಸಿಬಿಡಿ ಎನ್ನುತ್ತೇನೆ, ಒಂದು ಡಬ್ಬಿಯ ತೆರಿಗೆಗೆ ವಾದ ಮಾಡುವಷ್ಟು ಬಿಡುವು ನನಗಿಲ್ಲ.

ಶಿರಾ: ಅತ್ತೆಯ ಪುಟ ತೆರೆದೆ ಸರ್. ಮೊದಲ ದಿನವೇ ಜಾತ್ರೆಯ ಅನ್ನದಾನಕ್ಕೆ 25 ಕಿಲೋ ಸಕ್ಕರೆ ಕೊಡಿಸಿದ್ದಾರೆ. ಅದು ಪ್ರಚಾರವೋ ಡ್ರಾಯಿಂಗ್ಸೋ?

ಸಲಹೆಗಾರ: ಅಂಗಡಿಯ ಹೆಸರಿನ ಬ್ಯಾನರ್ ಕಟ್ಟಿದ್ದರೇನು?

ಶಿರಾ: ಇಲ್ಲ, ಅತ್ತೆಯ ಹರಕೆ.

ಸಲಹೆಗಾರ: ಹಾಗಾದರೆ ಅತ್ತೆಯ ಪುಟದಲ್ಲೇ ಇರಲಿ, ಡ್ರಾಯಿಂಗ್ಸ್‌ಗೆ ಹೋಗಲಿ. ಸಕ್ಕರೆಯ ಶೇ 5 ಮರೆಯಬೇಡಿ.